ಗಂಗಾವತಿಯ ಮಾಸ್ತರರ ಮನೆಯ ಹತ್ತೊಂಬತ್ತು ಮೆಟ್ಟಿಲು

ನಾನು ಸೈಟಿಗೆ ಹೋಗುವಷ್ಟರಲ್ಲಿ ಗೌಂಡಿ ಗೋಡೆಯ ಮೇಲೆ ಬಳಪದಿಂದ ಮೆಟ್ಟಿಲು ಬರೆದು ಮುಗಿಸಿದ್ದರು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಕೆಳಗೆ ಟೈಲ್ಸಿನ ಬುಡಕ್ಕೆ ಹಾಕಿದ ಬೆಡ್ ಕಾಂಕ್ರೀಟಿನಿಂದ ಶುರುವಾಗಿ ಏಳೇಳು ಇಂಚಿಗೆ ಒಂದೊಂದು ಗೆರೆ, ನಡುವೆ ಲ್ಯಾಂಡಿಂಗ್, ಮತ್ತೆ ಏಳೇಳು ಇಂಚು. ಸ್ಲ್ಯಾಬಿನ ಹತ್ತಿರ ಬಂದಾಗ ಮಾತ್ರ ಲೆಕ್ಕ ಮುಗ್ಗರಿಸಿತ್ತು. ಕೊನೆಯ ಗೆರೆಗೂ ಸ್ಲ್ಯಾಬಿನ ನೆತ್ತಿಗೂ ನಡುವೆ ಹತ್ತಿರ ಹತ್ತಿರ ಒಂಬತ್ತು ಇಂಚು ಉಳಿದಿತ್ತು.

"ಇದೇನು, ಕೊನೆಯದು ಇಷ್ಟು ಎತ್ತರ?" ಎಂದೆ.

"ಟೈಲ್ಸ್ ಹಾಕುವಾಗ ಸರಿಹೋಗುತ್ತದೆ ಬಿಡಿ, ಸಾಹೇಬರೇ" ಎಂದರು.

ಮೂವತ್ತು ವರ್ಷ ಕರಣೆ ಹಿಡಿದ ಕೈ ಅದು. ಅವರ ಪ್ಲಾಸ್ಟರಿಂಗ್‌ಗೆ ನಾನು ರಸಮಟ್ಟ ಇಟ್ಟು ನೋಡುವುದನ್ನು ಎಂದೋ ಬಿಟ್ಟಿದ್ದೇನೆ. ಆದರೆ ಮೇಲಿನ ಮಹಡಿಗೆ ಟೈಲ್ಸ್ ಹಾಕಿದರೆ ನೆಲ ಇನ್ನಷ್ಟು ಮೇಲೇರುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಒಂಬತ್ತು ಇಂಚು ಹೆಚ್ಚಾಗುತ್ತದೆಯೇ ವಿನಾ ಸರಿಹೋಗುವುದಿಲ್ಲ. ಕಾಂಕ್ರೀಟ್ ಸುರಿಯಲು ಬೇಕಾದ ಸೆಂಟ್ರಿಂಗ್ ಹಲಗೆ ಇನ್ನೂ ಕಟ್ಟಿರಲಿಲ್ಲ ಎಂಬುದೊಂದೇ ಆ ದಿನದ ಅದೃಷ್ಟ.

ಮನೆ ಗಂಗಾವತಿಯಲ್ಲಿ, ನಿವೃತ್ತರಾದ ಶಾಲಾ ಮಾಸ್ತರರದು. ಮೂವತ್ತು ನಲವತ್ತರ ನಿವೇಶನ, ಕೆಳಗೊಂದು ಮೇಲೊಂದು ಮಹಡಿ, ಹಾಲ್‌ನ ಹಿಂಬದಿಯಲ್ಲಿ ಒಳಗಿನ ಮೆಟ್ಟಿಲು. ಮನೆಯಲ್ಲಿ ಎಪ್ಪತ್ತೈದು ದಾಟಿದ ಅವ್ವ ಇದ್ದಾರೆ. ಮೊಣಕಾಲು ನೋವು ಇದ್ದರೂ ಸಂಡಿಗೆ ಹಪ್ಪಳ ಒಣಗಿಸಲು ಮಾಳಿಗೆ ಹತ್ತದೆ ಬಿಡುವವರಲ್ಲ. ಸ್ಲ್ಯಾಬ್ ಹಾಕುವಾಗ ಮೆಟ್ಟಿಲಿನ ಜಾಗವನ್ನು ತೆರೆದೇ ಬಿಟ್ಟು, ಮುಂದೆ ಜೋಡಿಸಿಕೊಳ್ಳಲು ಸರಳುಗಳನ್ನು ಹೊರಗೆ ಚಾಚಿಟ್ಟಿದ್ದರು. ಮೆಟ್ಟಿಲಿನ ಕೆಲಸ ನಂತರದ್ದು.

ಏಳು ಇಂಚು ಎಲ್ಲಿಂದ ಬಂತು ಎಂಬುದು ಗುಟ್ಟೇನಲ್ಲ. ನಕ್ಷೆಯಲ್ಲಿ ಮಹಡಿಯ ಎತ್ತರ ಹತ್ತೂವರೆ ಅಡಿ ಎಂದಿತ್ತು, ಅಂದರೆ 126 ಇಂಚು. ಅದನ್ನು 18ರಿಂದ ಭಾಗಿಸಿದರೆ ಸರಿಯಾಗಿ ಏಳು. ಇಷ್ಟು ಚಂದವಾಗಿ ಭಾಗವಾಗುವ ಲೆಕ್ಕವನ್ನು ಯಾರು ತಾನೆ ಅನುಮಾನಿಸುತ್ತಾರೆ? ನಕ್ಷೆ ಬರೆದವನು ನಾನೇ. ಹದಿನೆಂಟು ಎಂದು ಬರೆದು ನಾನೂ ಮರೆತಿದ್ದೆ. ಹತ್ತೂವರೆ ಅಡಿ ಎನ್ನುವುದು ಕಾಗದದ ಮೇಲಿನ ಎತ್ತರ. ಸೈಟಿನಲ್ಲಿ ಟೇಪು ಬಿಟ್ಟಾಗ ಬೆಡ್‌ನಿಂದ ಸ್ಲ್ಯಾಬಿನ ನೆತ್ತಿಗೆ 3248 ಮಿಲಿಮೀಟರ್ ಬಂತು. ಹತ್ತೂವರೆ ಅಡಿ ಎಂದರೆ 3200. ಹೆಚ್ಚಾದ 48ರಲ್ಲಿ 15 ಕೆಳಗಿನದು: ಮೆಟ್ಟಿಲಿನ ಬುಡದಲ್ಲಿ ಬೆಡ್ ಅಷ್ಟು ತಗ್ಗಿತ್ತು. ಉಳಿದ 33 ಮೇಲಿನದು: ಸೆಂಟ್ರಿಂಗ್‌ನವರು ಸ್ಲ್ಯಾಬನ್ನು ಅಷ್ಟು ಎತ್ತರಕ್ಕೆ ಕಟ್ಟಿದ್ದರು. ಕೋಣೆಯ ಲೆಕ್ಕದಲ್ಲಿ ಇದು ತಪ್ಪೇ ಅಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಮೆಟ್ಟಿಲಿಗೆ ಬಂದಾಗ ಮಾತ್ರ ಬೀಳುತ್ತದೆ. (ಇನ್ನು ಮುಂದೆ ಘಟಕ ಹೇಳದೆ ಕೊಟ್ಟ ಅಂಕಿಗಳೆಲ್ಲ ಮಿಲಿಮೀಟರ್‌ನವು ಎಂದು ತಿಳಿಯಿರಿ.)

ಗೌಂಡಿಯ ಗೆರೆಗಳ ಪ್ರಕಾರವೇ ಕಾಂಕ್ರೀಟ್ ಹಾಕಿದ್ದರೆ ಏನಾಗುತ್ತಿತ್ತು? ಅಲ್ಲೇ ಸಿಮೆಂಟ್ ಚೀಲದ ಮೇಲೆ ಕುಳಿತು ಲೆಕ್ಕ ಮಾಡಿ ತೋರಿಸಿದೆ. ಏಳು ಇಂಚಿನ 17 ಮೆಟ್ಟಿಲು ಬೆಡ್‌ನಿಂದ 3023ಕ್ಕೆ ಹೋಗಿ ನಿಲ್ಲುತ್ತವೆ. ಹದಿನೆಂಟನೆಯ ಹೆಜ್ಜೆಗೆ ಉಳಿಯುವುದು 225. ಇದು ಬರಿಯ ಕಾಂಕ್ರೀಟಿನ ಮಾತು. ಈಗ ಕಲ್ಲು, ಟೈಲ್ಸ್ ಹಾಕೋಣ. ಮೆಟ್ಟಿಲಿನ ಬುಡದಲ್ಲಿ ನೆಲದ ಫಿನಿಶಿಂಗ್ 60 ದಪ್ಪ, ಅದು ಮೊದಲ ಮೆಟ್ಟಿಲನ್ನು ಅಷ್ಟು ಮುಳುಗಿಸುತ್ತದೆ. ಮೆಟ್ಟಿಲಿನ ಮೇಲಿನ ಗ್ರಾನೈಟ್ ಮತ್ತು ಅದರ ಕೆಳಗಿನ ಗಾರೆ ಸೇರಿ 40, ಅದು ಅಷ್ಟನ್ನು ಎತ್ತುತ್ತದೆ. ಹೀಗಾಗಿ ಮೊದಲ ಹೆಜ್ಜೆ 158. ಮಧ್ಯದ ಹದಿನಾರು ಹೆಜ್ಜೆ ತಲಾ 178. ಮೇಲಿನ ಮಹಡಿಯ ನೆಲ 45 ದಪ್ಪ, ಕೊನೆಯ ಮೆಟ್ಟಿಲು ಏರುವುದು 40 ಮಾತ್ರ, ಹಾಗಾಗಿ ಕೊನೆಯ ಹೆಜ್ಜೆ 230. ಮೊದಲ ಹೆಜ್ಜೆಗೂ ಕೊನೆಯ ಹೆಜ್ಜೆಗೂ 72ರಷ್ಟು ವ್ಯತ್ಯಾಸ, ಅಂದರೆ ಮೂರು ಇಂಚಿಗೆ ಕೂದಲೆಳೆಯಷ್ಟು ಕಡಿಮೆ.

ಮೂರು ಇಂಚು ಹೆಚ್ಚು ಕಾಲೆತ್ತುವುದು ದೊಡ್ಡ ವಿಷಯವೇ ಎಂದು ಮಾಸ್ತರರು ಕೇಳಿದರು. ಎತ್ತರದ ತೊಂದರೆ ಅಲ್ಲ ಅದು. ಆನೆಗೊಂದಿ ಪಕ್ಕದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು ಎನ್ನುತ್ತಾರೆ. ಬೆಟ್ಟದ ದಾರಿಯಲ್ಲಿ ಒಂದು ಮೆಟ್ಟಿಲು ಇನ್ನೊಂದರಂತೆ ಇಲ್ಲದಿದ್ದರೂ ಜನ ಎಡವದೆ ಹತ್ತುತ್ತಾರೆ, ಏಕೆಂದರೆ ಪ್ರತಿ ಹೆಜ್ಜೆಗೂ ಕಣ್ಣು ನೆಲದ ಮೇಲಿರುತ್ತದೆ. ಮನೆಯ ಮೆಟ್ಟಿಲನ್ನು ಯಾರೂ ನೋಡಿಕೊಂಡು ಹತ್ತುವುದಿಲ್ಲ. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ಅಳತೆ ಕಲಿತುಬಿಡುತ್ತದೆ, ಆಮೇಲೆ ಕಣ್ಣು ಬೇರೆ ಕಡೆ ಹೋಗುತ್ತದೆ, ಕೈಯಲ್ಲಿ ಸಂಡಿಗೆಯ ತಟ್ಟೆ ಇರುತ್ತದೆ. ಕಲಿತ ಅಳತೆಗಿಂತ ಒಂದು ಮೆಟ್ಟಿಲು ಬೇರೆಯಾಗಿದ್ದರೆ ಹತ್ತುವಾಗ ಹೆಬ್ಬೆರಳು ತಾಗುತ್ತದೆ. ಇಳಿಯುವಾಗ ಇನ್ನೂ ಕೆಟ್ಟದ್ದು: ಮೇಲಿನಿಂದ ಮೊದಲ ಹೆಜ್ಜೆಯೇ 230, ನೆಲ ಸಿಗುವಷ್ಟರಲ್ಲಿ ದೇಹದ ಭಾರ ಮುಂದೆ ಹೋಗಿರುತ್ತದೆ. ಏಳೂವರೆ ಇಂಚಿನ ಸಮ ಮೆಟ್ಟಿಲುಗಳಿಗಿಂತ ಏಳು ಇಂಚಿನ ಸಾಲಿನಲ್ಲಿರುವ ಒಂದೇ ಒಂದು ಒಂಬತ್ತು ಇಂಚು ಅಪಾಯಕಾರಿ ಎಂದು ನಾನು ಯಾವಾಗಲೂ ಹೇಳುತ್ತೇನೆ.

ಮೊದಲು ಮಾಡಬೇಕಾದದ್ದು ಒಟ್ಟು ಎತ್ತರವನ್ನು ಮತ್ತೆ ಹಿಡಿಯುವುದು. ಇಲ್ಲಿ ಬಹುಪಾಲು ಜನ ಟೇಪನ್ನು ಬೆಡ್‌ನಿಂದ ಸ್ಲ್ಯಾಬಿಗೆ ಹಿಡಿದು ಮುಗಿಸುತ್ತಾರೆ. ಬೇಕಾದದ್ದು ಅದಲ್ಲ. ಕೆಳಗೆ ಪಾದ ನಿಲ್ಲುವ ನೆಲದಿಂದ ಮೇಲೆ ಪಾದ ನಿಲ್ಲುವ ನೆಲಕ್ಕೆ ಎಷ್ಟು ಎಂಬುದು ಬೇಕು. ಆ ಎರಡೂ ನೆಲ ಇನ್ನೂ ಹುಟ್ಟಿಯೇ ಇರಲಿಲ್ಲ. ಹುಟ್ಟದ ನೆಲವನ್ನು ಅಳೆಯುವ ಉಪಾಯ ಲೆವೆಲ್ ಗೆರೆ. ಮುಂಬಾಗಿಲಿನ ಹೊಸ್ತಿಲು ಕೂಡಿಸಿ ಆಗಿತ್ತು, ಒಳನೆಲ ಎಲ್ಲಿಗೆ ಬರಬೇಕೆಂದು ಅದರಿಂದಲೇ ನಿಶ್ಚಯವಾಗಿತ್ತು. ಆ ನೆಲಕ್ಕಿಂತ ಸರಿಯಾಗಿ ಒಂದು ಮೀಟರ್ ಎತ್ತರದಲ್ಲಿ ಬಾಗಿಲ ಪಕ್ಕ ಒಂದು ಗುರುತು ಹಾಕಿದೆವು. ನೀರಿನ ಟ್ಯೂಬ್ ಹಿಡಿದು, ಗುಳ್ಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದೇ ಮಟ್ಟವನ್ನು ಮೆಟ್ಟಿಲಿನ ಗೋಡೆಗೆ ತಂದೆವು. ಅಲ್ಲಿ ಗೆರೆಯಿಂದ ಬೆಡ್‌ಗೆ ಟೇಪು ಬಿಟ್ಟರೆ 1060 ಬಂತು. ಅಂದರೆ ಬಾಗಿಲಲ್ಲಿ 45 ಸಾಕಾಗುವ ಫಿನಿಶಿಂಗ್ ಇಲ್ಲಿ 60 ಬೇಕು. ಬೆಡ್ ತಗ್ಗಿದೆ ಎಂದು ಗೊತ್ತಾದದ್ದೇ ಆಗ. ಕಣ್ಣಿಗೆ ಮಟ್ಟಸವಾಗಿಯೇ ಕಾಣುತ್ತಿತ್ತು.

ಗೆರೆಯಿಂದ ಮೇಲಕ್ಕೆ ಸ್ಲ್ಯಾಬಿನ ನೆತ್ತಿಗೆ 2188. ಅದರ ಮೇಲೆ ಗಾರೆ 35, ಟೈಲ್ಸ್ 10, ಒಟ್ಟು 45. ಹಾಗಾದರೆ ನೆಲದಿಂದ ನೆಲಕ್ಕೆ:

```
1000 + 2188 + 45 = 3233
```

ಇದು ಒಟ್ಟು ಎತ್ತರ. ಬೆಡ್‌ನಿಂದ ಅಳೆದ 3248ರಲ್ಲಿ ಕೆಳಗಿನ 60 ಕಳೆದು ಮೇಲಿನ 45 ಕೂಡಿದರೂ ಇಷ್ಟೇ ಬರಬೇಕು, ಬಂತು. ಎರಡು ದಾರಿಯಲ್ಲಿ ಒಂದೇ ಉತ್ತರ ಬರುವವರೆಗೆ ನಾನು ಭಾಗಾಕಾರಕ್ಕೆ ಕೈ ಹಾಕುವುದಿಲ್ಲ.

ಗೌಂಡಿ ಇಲ್ಲಿ ಒಂದು ಮಾತು ಹೇಳಿದರು. "ಕೆಳಗೂ ಒಂದೂವರೆ ಇಂಚು, ಮೇಲೂ ಒಂದೂವರೆ ಇಂಚು. ಇದಕ್ಕೆ ಅದು ವಜಾ ಆಗುತ್ತದೆ. ನಾವು ಇಷ್ಟು ವರ್ಷ ಹಾಗೆಯೇ ಮಾಡಿದ್ದೇವೆ." ಅವರ ಮಾತು ತಪ್ಪಲ್ಲ, ಅದಕ್ಕೊಂದು ಷರತ್ತಿದೆ. ಕೆಳಗಿನ ನೆಲ, ಮೆಟ್ಟಿಲಿನ ಮೈ, ಮೇಲಿನ ನೆಲ ಮೂರಕ್ಕೂ ಒಂದೇ ದಪ್ಪದ ಫಿನಿಶಿಂಗ್ ಇದ್ದರೆ ಕಾಂಕ್ರೀಟಿನ ಲೆಕ್ಕವೇ ಕೊನೆಯ ಲೆಕ್ಕ. ಹಿಂದೆ ಎಲ್ಲ ಕಡೆ ಒಂದೇ ಬಂಡೆ ಹಾಸುತ್ತಿದ್ದಾಗ ಅದು ನಡೆಯುತ್ತಿತ್ತು. ಈಗ ಕೆಳಗೆ ಒಂದು, ಮೇಲೆ ಇನ್ನೊಂದು, ಮೆಟ್ಟಿಲಿಗೆ ಮತ್ತೊಂದು. ಮೂರು ದಪ್ಪ ಬೇರೆ ಬೇರೆಯಾದಾಗ ವಜಾ ಆಗದೆ ಉಳಿದದ್ದೆಲ್ಲ ಮೊದಲ ಮತ್ತು ಕೊನೆಯ ಮೆಟ್ಟಿಲಿನ ಮೇಲೆ ಬೀಳುತ್ತದೆ.

ಇನ್ನು ಸಂಖ್ಯೆ. ಮೆಟ್ಟಿಲಿನ ನಿಂತ ಎತ್ತರಕ್ಕೆ ರೈಸರ್, ಕಾಲಿಡುವ ಅಗಲಕ್ಕೆ ಟ್ರೆಡ್ ಎಂದು ಸೈಟಿನಲ್ಲಿ ಎಲ್ಲರೂ ಹೇಳುತ್ತಾರೆ. ಅರ್ಧ ಮೆಟ್ಟಿಲು ಇರಲು ಸಾಧ್ಯವಿಲ್ಲವಾದ್ದರಿಂದ ರೈಸರ್‌ಗಳ ಸಂಖ್ಯೆಯನ್ನು ಮೊದಲು ಪೂರ್ಣಾಂಕದಲ್ಲಿ ನಿಶ್ಚಯಿಸಬೇಕು, ಎತ್ತರ ಅದರ ಹಿಂದೆ ತಾನಾಗಿ ಬರುತ್ತದೆ. ಗೌಂಡಿ ಮಾಡಿದ್ದು ಇದರ ಉಲ್ಟಾ. ಎತ್ತರವನ್ನು ಮೊದಲು ಹಿಡಿದು ಸಂಖ್ಯೆಯನ್ನು ಅದರ ಹಿಂದೆ ಓಡಿಸಿದರು, ಓಡಿಹೋಗಿ ಉಳಿದದ್ದು ಕೊನೆಯಲ್ಲಿ ಒಂಬತ್ತು ಇಂಚಾಗಿ ನಿಂತಿತು.

3233ನ್ನು 17ರಿಂದ ಭಾಗಿಸಿದರೆ 190.2. ವಾಸದ ಮನೆಯ ರೈಸರ್ 190 ಮೀರಬಾರದು, ಟ್ರೆಡ್ 250ಕ್ಕಿಂತ ಕಡಿಮೆ ಇರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಕೂದಲೆಳೆಯಲ್ಲಿ ತಪ್ಪಿತು. ತಪ್ಪದಿದ್ದರೂ ಅವ್ವನ ಮೊಣಕಾಲಿಗೆ ಅದನ್ನು ನಾನು ಕೊಡುತ್ತಿರಲಿಲ್ಲ. 18ಕ್ಕೆ 179.6, 19ಕ್ಕೆ 170.2, 20ಕ್ಕೆ 161.7. ನನ್ನ ಪಾಡಿಗೆ ಬಿಟ್ಟಿದ್ದರೆ 18 ಇಟ್ಟುಕೊಳ್ಳುತ್ತಿದ್ದೆ: ಒಂಬತ್ತು ಒಂಬತ್ತರ ಎರಡು ಸಾಲು, ಸೆಂಟ್ರಿಂಗ್ ಸುಲಭ.

ಮಾಸ್ತರರು ಒಪ್ಪಲಿಲ್ಲ. ಲಾಭ, ನಷ್ಟ, ಲಾಭ, ನಷ್ಟ ಎಂದು ಎಣಿಸುತ್ತ ಹೋದರೆ ಕೊನೆಯದು ಲಾಭಕ್ಕೆ ಬರಬೇಕು, ಬೆಸ ಸಂಖ್ಯೆಯೇ ಬೇಕು. ವಿಜ್ಞಾನ ಪಾಠ ಮಾಡಿದವರು ಅವರು! ವಾದ ಮಾಡುವ ಬದಲು ಒಂದು ಪ್ರಶ್ನೆ ಕೇಳಿದೆ: ಎಣಿಸುವುದು ಏನನ್ನು? ಹದಿನೆಂಟು ರೈಸರ್ ಇರುವ ಕಡೆ ಕಾಲಿಡುವ ಮೆಟ್ಟಿಲು, ಲ್ಯಾಂಡಿಂಗ್ ಸೇರಿ, ಹದಿನೇಳೇ ಇರುತ್ತವೆ, ಏಕೆಂದರೆ ಹದಿನೆಂಟನೆಯ ಹೆಜ್ಜೆ ಬೀಳುವುದು ಮೇಲಿನ ನೆಲದ ಮೇಲೆ. ಎಣಿಸುವ ರೀತಿ ಬದಲಿಸಿದರೆ ಸಮವೂ ಬೆಸವಾಗುತ್ತದೆ. ಮಾಸ್ತರರು ಅರೆಮನಸ್ಸಿನಿಂದ ತಲೆಯಾಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಅವ್ವ ತೀರ್ಪು ಕೊಟ್ಟುಬಿಟ್ಟರು. "ಬಲಗಾಲಿಟ್ಟು ಹತ್ತಬೇಕು, ಮೇಲೆ ಹೋದಾಗ ಬಲಗಾಲೇ ಮುಂದಿರಬೇಕು. ಇಷ್ಟೇ ಲೆಕ್ಕ." ಆ ಲೆಕ್ಕದಲ್ಲಿ ಎಣಿಕೆ ರೈಸರ್‌ಗಳದ್ದೇ, ಅದು ಬೆಸವೇ ಇರಬೇಕು. ಲ್ಯಾಂಡಿಂಗಿನಲ್ಲಿ ತಿರುಗುವಾಗ ಇಡುವ ಎರಡು ಮೂರು ಹೆಜ್ಜೆ ಈ ಲೆಕ್ಕವನ್ನು ಕೆಡಿಸುವುದಿಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇಪ್ಪತ್ತು ಹೋಯಿತು, ಹದಿನೆಂಟು ಹೋಯಿತು, ಉಳಿದದ್ದು ಹತ್ತೊಂಬತ್ತು. ನಾನು ಹಟ ಮಾಡದಿದ್ದುದಕ್ಕೆ ಬೇರೆ ಕಾರಣವೂ ಇತ್ತು. ಇಟ್ಟಿಗೆ, ಹಲಗೆ, ಒಡೆದ ಟೈಲ್ಸಿನ ಚೂರು ಪೇರಿಸಿ ಹಾಲ್‌ನಲ್ಲೇ ಎರಡು ಕಟ್ಟೆ ಮಾಡಿಸಿದೆ, ಒಂದು 180 ಎತ್ತರ, ಇನ್ನೊಂದು 170. ಅವ್ವನನ್ನು ಎರಡನ್ನೂ ಹತ್ತಿಸಿ ಇಳಿಸಿದೆವು. ಹತ್ತುವಾಗ ಅವರಿಗೆ ಅಂತಹ ವ್ಯತ್ಯಾಸ ಕಾಣಲಿಲ್ಲ. ಇಳಿಯುವಾಗ 180ರಲ್ಲಿ ಕೈ ತಾನಾಗಿ ಗೋಡೆಗೆ ಹೋಯಿತು, 170ರಲ್ಲಿ ಹೋಗಲಿಲ್ಲ. ಒಂದೇ ಮೆಟ್ಟಿಲಿನ ಪರೀಕ್ಷೆಯಿಂದ ಶಾಸ್ತ್ರ ಬರೆಯಲು ಆಗುವುದಿಲ್ಲ, ನಿಜ. ಆದರೆ ಆ ಮೆಟ್ಟಿಲನ್ನು ದಿನಾ ಬಳಸುವವರು ಅವರೇ.

ಎತ್ತರ ಇಳಿಸಿದ ಮಾತ್ರಕ್ಕೆ ಮೆಟ್ಟಿಲು ಹಗುರವಾಗುವುದಿಲ್ಲ, ಅಗಲವೂ ಅದಕ್ಕೆ ಹೊಂದಬೇಕು. ಎರಡು ರೈಸರ್ ಮತ್ತು ಒಂದು ಟ್ರೆಡ್ ಕೂಡಿದರೆ 600ರಿಂದ 640ರ ನಡುವೆ ಬರಬೇಕು ಎಂಬುದು ನಾವೆಲ್ಲ ಬಳಸುವ ಅಂದಾಜು. ಹದಿನೇಳನೆಯ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ ಕೊಟ್ಟ ಸೂತ್ರದಿಂದ ಬಂದದ್ದು ಅದು. ಸಮನೆಲದಲ್ಲಿ ಮನುಷ್ಯನ ಹೆಜ್ಜೆಗೆ ಒಂದು ಉದ್ದವಿದೆ, ಮೇಲಕ್ಕೆ ಒಂದು ಇಂಚು ಎತ್ತುವ ಶ್ರಮ ಮುಂದಕ್ಕೆ ಎರಡು ಇಂಚು ಹೋಗುವ ಶ್ರಮಕ್ಕೆ ಸಮ, ಆದ್ದರಿಂದ ಎತ್ತಿದ್ದರ ಎರಡರಷ್ಟನ್ನು ಹೆಜ್ಜೆಯಿಂದ ಕಳೆಯಬೇಕು ಎಂಬುದು ಅದರ ತಿರುಳು. 170ರ ಎರಡರಷ್ಟು 340. ಟ್ರೆಡ್ 270 ಇಟ್ಟರೆ ಮೊತ್ತ 610. ಒಪ್ಪಬಹುದು.

ಜಾಗ ಒಪ್ಪಬೇಕಲ್ಲ. ಮೆಟ್ಟಿಲಿನ ಅಂಕಣ ಪ್ಲಾಸ್ಟರ್ ಕಳೆದು 4240 ಉದ್ದ. ಹಿಂಗೋಡೆಗೆ ಅಂಟಿದ ಲ್ಯಾಂಡಿಂಗಿಗೆ 1000. ಹತ್ತೊಂಬತ್ತನ್ನು ಎರಡು ಸಮಭಾಗ ಮಾಡಲು ಬರುವುದಿಲ್ಲ, ಒಂದು ಸಾಲಿಗೆ ಹತ್ತು, ಇನ್ನೊಂದಕ್ಕೆ ಒಂಬತ್ತು. ಯಾವುದಕ್ಕೆ ಹತ್ತು ಎಂಬುದರಲ್ಲಿ ವಿಷಯವಿದೆ. ಪ್ರತಿ ಸಾಲಿನಲ್ಲೂ ಟ್ರೆಡ್‌ಗಳು ರೈಸರ್‌ಗಳಿಗಿಂತ ಒಂದು ಕಡಿಮೆ. ಹತ್ತರ ಸಾಲಿಗೆ ಒಂಬತ್ತು ಟ್ರೆಡ್, 2430 ಉದ್ದ. ಒಂಬತ್ತರ ಸಾಲಿಗೆ ಎಂಟು, 2160. ಉದ್ದದ ಸಾಲನ್ನು ಮೇಲೆ ಇಟ್ಟರೆ ಮೇಲಿನ ಕೋಣೆಗಳಿಗೆ ಹೋಗುವ ದಾರಿಗೆ ಉಳಿಯುವುದು 810 ಮಾತ್ರ, ಮಂಚ ಸಾಗಿಸುವಾಗ ಗೋಡೆ ಕೆರೆಯುವುದು ಖಂಡಿತ. ಗಿಡ್ಡ ಸಾಲನ್ನು ಮೇಲೆ ಇಟ್ಟರೆ 1080 ಸಿಗುತ್ತದೆ. ಕೆಳಗೆ ಮೆಟ್ಟಿಲಿನ ಮುಂದೆ ಗೋಡೆಯಿಲ್ಲ, ನೇರ ಹಾಲ್‌ಗೆ ತೆರೆದಿದೆ, ಅಲ್ಲಿ ಉದ್ದದ ಸಾಲು ಬಂದರೂ ಅಡ್ಡಿಯಿಲ್ಲ. ಹೀಗೆ ಕೆಳಗೆ ಹತ್ತು, ಮೇಲೆ ಒಂಬತ್ತು. ಇಪ್ಪತ್ತು ಮಾಡಿದ್ದರೆ ಮೇಲೂ ಹತ್ತೇ ಬರುತ್ತಿತ್ತು. ದಾರಿ ಉಳಿಸಿಕೊಳ್ಳಲು ಟ್ರೆಡ್ಡನ್ನು 250ಕ್ಕೆ ಇಳಿಸಬೇಕಾಗುತ್ತಿತ್ತು, ಆಗ ಮೊತ್ತ 573, ಚಿಕ್ಕ ಚಿಕ್ಕ ಹೆಜ್ಜೆಯ ಮೆಟ್ಟಿಲು. ಅಂತಹ ಮೆಟ್ಟಿಲಿನಲ್ಲಿ ದೊಡ್ಡವರ ಹಿಮ್ಮಡಿಗೆ ಇಳಿಯುವಾಗ ಜಾಗ ಸಾಲುವುದಿಲ್ಲ.

ಲೆಕ್ಕ ಇಲ್ಲಿಗೆ ಮುಗಿಯಿತು ಎಂದು ಮಾಸ್ತರರು ಎದ್ದರು. ನಿಜವಾದ ಜಗಳ ಶುರುವಾದದ್ದು ಆಮೇಲೆ.

ಫಿನಿಶಿಂಗ್ ಆದ ಮೇಲೆ ಹತ್ತೊಂಬತ್ತೂ 170.2 ಇರಬೇಕಾದರೆ ಕಾಂಕ್ರೀಟಿನಲ್ಲಿ ಹತ್ತೊಂಬತ್ತೂ 170.2 ಇರಬಾರದು. ಕೆಳಗಿನ ನೆಲ 60 ಮುಳುಗಿಸುತ್ತದೆ, ಮೆಟ್ಟಿಲಿನ ಕಲ್ಲು 40 ಎತ್ತುತ್ತದೆ. ಹಾಗಾಗಿ ಮೊದಲ ಕಾಂಕ್ರೀಟ್ ಮೆಟ್ಟಿಲು 20 ಹೆಚ್ಚಿರಬೇಕು, ಅಂದರೆ 190. ಮಧ್ಯದ ಹದಿನೇಳಕ್ಕೆ 170.2, ಏಕೆಂದರೆ ಕೆಳಗಿನದ್ದಕ್ಕೂ ಮೇಲಿನದ್ದಕ್ಕೂ ಅದೇ 40ರ ಕಲ್ಲು. ಕೊನೆಯದರ ಮೇಲಿನ ನೆಲ 45, ಕೆಳಗಿನ ಕಲ್ಲು 40, ಆದ್ದರಿಂದ 5 ಕಡಿಮೆ, 165. ಮೂರನ್ನೂ ಕೂಡಿದರೆ 3248 ಬರಲೇಬೇಕು. ಬೆಡ್‌ನಿಂದ ಸ್ಲ್ಯಾಬಿಗೆ ಅಳೆದದ್ದು ಅಷ್ಟೇ ತಾನೆ.

"ಮೊದಲನೆಯದು ದೊಡ್ಡದು, ಕೊನೆಯದು ಸಣ್ಣದು. ಇದನ್ನು ನೋಡಿದವರು ನನಗೆ ಗೌಂಡಿ ಕೆಲಸ ಬರುವುದಿಲ್ಲ ಎನ್ನುತ್ತಾರೆ" ಎಂದರು ಅವರು.

ಇನ್ನೊಂದು ತೊಡಕು ಟೇಪಿನದು. ಅವರ ಟೇಪು, ಅವರ ಕಣ್ಣು ಎರಡೂ ಇಂಚಿನವು. ಇಂಚಿನ ಎಂಟನೆಯ ಒಂದು ಭಾಗಕ್ಕೆ ಸೂತ ಎನ್ನುತ್ತಾರೆ, ಅವರ ಅಳತೆ ಅಲ್ಲಿಗೆ ನಿಲ್ಲುತ್ತದೆ. 170.2 ಎಂದರೆ ಆರು ಇಂಚು ಐದು ಸೂತಕ್ಕೂ ಆರು ಇಂಚು ಆರು ಸೂತಕ್ಕೂ ನಡುವೆ ಎಲ್ಲೋ ಬೀಳುತ್ತದೆ. ಐದು ಸೂತ ಎಂದು ಹಿಡಿದು ಒಂದರ ಮೇಲೊಂದು ಇಡುತ್ತ ಹೋದರೆ ಪ್ರತಿ ಮೆಟ್ಟಿಲಿಗೆ ಎರಡು ಮಿಲಿಮೀಟರಿನಷ್ಟು ಕಡಿಮೆ, ಹದಿನೆಂಟು ಮೆಟ್ಟಿಲಿಗೆ 34 ಉಳಿದು ಕೊನೆಯದರ ತಲೆಗೆ ಬೀಳುತ್ತದೆ. ಆರು ಸೂತ ಹಿಡಿದರೆ ಅತ್ತ ಕಡೆ 23 ಕಡಿಮೆಯಾಗುತ್ತದೆ. ಒಂದೊಂದು ಮೆಟ್ಟಿಲಿನಲ್ಲಿ ಯಾರಿಗೂ ಕಾಣದ ತಪ್ಪು ಹದಿನೆಂಟು ಸಲ ಒಂದೇ ದಿಕ್ಕಿಗೆ ಹೋದಾಗ ಇಂಚು ದಾಟುತ್ತದೆ.

ಆದ್ದರಿಂದ ಮೆಟ್ಟಿಲಿನಿಂದ ಮೆಟ್ಟಿಲಿಗೆ ಅಳೆಯುವುದನ್ನೇ ಕೈಬಿಟ್ಟೆವು. ಹನ್ನೊಂದು ಅಡಿಯ ನೆಟ್ಟನೆಯ ರೀಪರ್ ಪಟ್ಟಿ ತಂದು ಬುಡವನ್ನು ಬೆಡ್ ಮೇಲೆ ನಿಲ್ಲಿಸಿ, ತಲೆಯನ್ನು ಸ್ಲ್ಯಾಬಿನ ತೆರಪಿನಿಂದ ಮೇಲೆ ತೂರಿಸಿದೆವು. ಪಟ್ಟಿಯ ಮೇಲೆ ಪ್ರತಿ ಗುರುತನ್ನೂ ಬುಡದಿಂದಲೇ ಅಳೆದು ಹಾಕಿದೆ. ಲೆಕ್ಕ ಸರಳ: ಮೆಟ್ಟಿಲಿನ ಸಂಖ್ಯೆಯನ್ನು 170.16ರಿಂದ ಗುಣಿಸಿ 20 ಕೂಡಬೇಕು, ಹತ್ತೊಂಬತ್ತನೆಯದಾದ ಸ್ಲ್ಯಾಬಿಗೆ ಮಾತ್ರ 15.

```
1   →  190
2   →  360
3   →  530
10  → 1722   (ಲ್ಯಾಂಡಿಂಗ್)
18  → 3083
ಸ್ಲ್ಯಾಬ್ → 3248
```

ಪ್ರತಿ ಗುರುತನ್ನೂ ಹತ್ತಿರದ ಮಿಲಿಮೀಟರಿಗೆ ಸರಿಮಾಡಿಕೊಂಡರೂ ತಪ್ಪು ಕೂಡಿಕೊಳ್ಳುವುದಿಲ್ಲ, ಏಕೆಂದರೆ ಯಾವ ಗುರುತೂ ಇನ್ನೊಂದರ ಮೇಲೆ ನಿಂತಿಲ್ಲ. ಪಟ್ಟಿಯ ತುದಿಯ ಗುರುತು ಸ್ಲ್ಯಾಬಿನ ನೆತ್ತಿಗೆ ಸರಿಯಾಗಿ ಬಂದು ಕೂತಾಗ ಗೌಂಡಿ ಅದನ್ನು ಎರಡು ಸಲ ಬಗ್ಗಿ ನೋಡಿದರು, ಏನೂ ಹೇಳಲಿಲ್ಲ. ತಾವೇ ಒದ್ದೆ ಗೋಣಿಪಟ್ಟೆ ತಂದು ಗೋಡೆಯ ಹಳೆಯ ಗೆರೆಗಳನ್ನು ಒರೆಸಿದರು. ಹೊಸ ಗೆರೆಗಳನ್ನು ಪಟ್ಟಿಯಿಂದ ಗೋಡೆಗೆ ರಸಮಟ್ಟದಲ್ಲಿ ವರ್ಗಾಯಿಸಿದ್ದೂ ಅವರೇ.

ಕಾಂಕ್ರೀಟ್ ಹಾಕಿದ ಮೇಲೆ ಲ್ಯಾಂಡಿಂಗ್ ತುಸು ಕುಸಿಯಿತು. ಒಂದು ಊರುಗೋಲಿನ ಬುಡದಲ್ಲಿ ಮಣ್ಣು ಮೆತ್ತಗಿತ್ತು. ಹಲಗೆ ಬಿಚ್ಚಿ ಅಳೆದಾಗ 1722 ಇರಬೇಕಾದದ್ದು 1714 ಇತ್ತು. ಎಂಟು ಮಿಲಿಮೀಟರ್. ಇಂತಹದ್ದಕ್ಕಾಗಿಯೇ ಮೆಟ್ಟಿಲಿನ ಕಲ್ಲಿನ ಕೆಳಗೆ 22ರಷ್ಟು ಗಾರೆ ಲೆಕ್ಕ ಹಿಡಿದಿರುತ್ತೇನೆ. ಅಲ್ಲಿ 30 ಬಂದರೆ ತೊಂದರೆಯಿಲ್ಲ. ತಪ್ಪು ಮೇಲ್ಮುಖವಾಗಿದ್ದರೆ, ಅಂದರೆ ಲ್ಯಾಂಡಿಂಗ್ ಹದಿನೈದು ಇಪ್ಪತ್ತು ಏರಿದ್ದರೆ, ಗಾರೆಗೆ ಜಾಗವೇ ಇರುತ್ತಿರಲಿಲ್ಲ, ಕಾಂಕ್ರೀಟ್ ಕೆತ್ತಬೇಕಾಗುತ್ತಿತ್ತು. ತಗ್ಗಿದ್ದನ್ನು ಏರಿಸಬಹುದು, ಏರಿದ್ದನ್ನು ಇಳಿಸುವುದು ದುಬಾರಿ. ಅನುಮಾನ ಬಂದಲ್ಲಿ ಕಾಂಕ್ರೀಟನ್ನು ಐದು ಮಿಲಿಮೀಟರ್ ತಗ್ಗಿಸಿಯೇ ಬಿಡು ಎನ್ನುವುದು ಇದಕ್ಕೇ.

ಗ್ರಾನೈಟ್ ಹಾಕಲು ಬಂದವರು ಬೇರೆ ತಂಡ. ಕುಷ್ಟಗಿ ಕಡೆಯಿಂದ ತಂದ 18 ದಪ್ಪದ ಕಲ್ಲು. ಅವರಿಗೆ ಕಾಂಕ್ರೀಟ್ ಮೆಟ್ಟಿಲನ್ನು ನಂಬಬೇಡಿ ಎಂದು ಹೇಳಿ, ಗೋಡೆಯ ಮೇಲೆ ಕಲ್ಲಿನ ನೆತ್ತಿ ಬರಬೇಕಾದ ಹದಿನೆಂಟು ಗೆರೆಗಳನ್ನು ಬೇರೆ ಬಣ್ಣದಲ್ಲಿ ಹಾಕಿಕೊಟ್ಟೆ, ಈ ಸಲ ಅಳತೆ ಲೆವೆಲ್ ಗೆರೆಯಿಂದ. ಕೆಲಸ ಮುಗಿದ ಮೇಲೆ ಒಂದೊಂದನ್ನೂ ಅಳೆದೆ. ಅತಿ ಕಡಿಮೆ 168, ಅತಿ ಹೆಚ್ಚು 172. ಮೊದಲನೆಯದು 171, ಕೊನೆಯದು 169. ಅವ್ವ ಬಲಗಾಲಿಟ್ಟು ಹತ್ತಿದರು. ಲ್ಯಾಂಡಿಂಗಿನಲ್ಲಿ ನಿಂತು ಉಸಿರು ತೆಗೆದುಕೊಂಡು ಅಲ್ಲಿಂದ ಯಾವ ಕಾಲು ಮುಂದಿಟ್ಟರೋ ನಾನು ನೋಡಲಿಲ್ಲ.

ಮಾಳಿಗೆಗೆ ಹೋಗುವ ಎರಡನೆಯ ಮೆಟ್ಟಿಲು ಕಟ್ಟುವಾಗ ಗೌಂಡಿ ಅದೇ ರೀಪರ್ ಪಟ್ಟಿ ಹೊತ್ತು ಮೇಲೆ ಬಂದಿದ್ದರು. ಪಟ್ಟಿ ಅಲ್ಲಿ ನಡೆಯುವುದಿಲ್ಲ. ಮೊದಲ ಮಹಡಿಯ ಸ್ಲ್ಯಾಬಿನಿಂದ ಮಾಳಿಗೆಯ ಸ್ಲ್ಯಾಬಿಗೆ 3190, ಕೆಳಗಿನದಕ್ಕಿಂತ 58 ಕಡಿಮೆ. ಆದರೆ ಮಾಳಿಗೆಯ ಮೇಲೆ ನೀರು ಹರಿಯುವ ಇಳಿಜಾರು, ನೀರು ಸೋರದಂತೆ ಹಾಕುವ ಪದರ, ಬಿಸಿಲಿಗೆ ಹಾಕುವ ಬಿಳಿ ಟೈಲ್ಸ್ ಎಲ್ಲ ಸೇರಿ ಬಾಗಿಲ ಹತ್ತಿರ 110 ದಪ್ಪವಾಗುತ್ತದೆ. ಕೆಳಗಿನ 45 ಕಳೆದು ಮೇಲಿನ 110 ಕೂಡಿದರೆ 3255. ಹತ್ತೊಂಬತ್ತರಿಂದ ಭಾಗಿಸಿದರೆ 171.3. ಕೆಳಗಿನ 170ಕ್ಕೂ ಇದಕ್ಕೂ ಕಾಲಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಸಂಖ್ಯೆ ಮತ್ತೆ ಹತ್ತೊಂಬತ್ತೇ, ಮಾಸ್ತರರಿಗೂ ಸಮಾಧಾನ. ಕಾಂಕ್ರೀಟಿನಲ್ಲಿ ಮಾತ್ರ ಮೊದಲನೆಯದು 176, ಕೊನೆಯದು ಬರೀ 101.

ಪಟ್ಟಿಯ ಹಳೆಯ ಗುರುತುಗಳನ್ನು ಕೀಸುಳಿ ಹಾಕಿ ಕೆರೆದು ಹೊಸದಾಗಿ ಹಾಕಿಕೊಂಡೆವು. ಹಲಗೆ ಬಿಚ್ಚಿದ ದಿನ ಮಾಸ್ತರರು ಮೇಲೆ ಬಂದು, ಕೊನೆಯಲ್ಲಿ ನಾಲ್ಕೇ ಇಂಚಿನ ಕುಳ್ಳ ಮೆಟ್ಟಿಲನ್ನು ನೋಡಿ, ಈ ಸಲವಂತೂ ಖಂಡಿತ ತಪ್ಪಿದೆ ಎಂದುಕೊಂಡು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗೌಂಡಿ ಕರಣೆ ತೊಳೆಯುತ್ತ ಹೇಳಿದರು:

"ಟೈಲ್ಸ್ ಹಾಕುವಾಗ ಸರಿಹೋಗುತ್ತದೆ ಬಿಡಿ, ಮಾಸ್ತರೇ."